ಪ್ರೇಯರ್‌ನಲ್ಲಿ ‘ರೂಪ ನೋಡಿ ಅಳೆಯಬೇಡಿ’ ಎನ್ನುವ ಮೊದಲು: ಮಂಡ್ಯ ಜಿಲ್ಲೆಯ ಶಿಕ್ಷಕರಿಗೂ ಅಧಿಕಾರಿಗಳಿಗೂ ಒಂದು ಬಹಿರಂಗ ಪತ್ರ

ಮಂಡ್ಯ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಎಲ್ಲ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಬೆಳಗಿನ ಪ್ರೇಯರ್‌ನಲ್ಲಿ ಮೈಕ್ ಹಿಡಿಯುವ ನನ್ನ ಎಲ್ಲ ಸಹೋದ್ಯೋಗಿಗಳಿಗೆ,

ನಮಸ್ಕಾರ.

ನಾನು ಈ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶಾಲೆ ಯಾವುದು, ತಾಲ್ಲೂಕು ಯಾವುದು ಅಂತ ಬರೆಯುವುದಿಲ್ಲ. ಬರೆದರೆ ಸುತ್ತಲಿನ ನಾಲ್ಕು ಊರಿಗೆ ನಾನು ಹೇಳಲಿರುವ, ತೊನ್ನು ಇರುವ ಆ ಮಗು ಯಾರು ಅಂತ ಗೊತ್ತಾಗಿಬಿಡುತ್ತದೆ. ಹಾಗಾಗಬಾರದು ಅನ್ನುವುದೂ ಈ ಪತ್ರದ ವಿಷಯವೇ.

‘ಸಹಪಾಠಿಗಳನ್ನು ರೂಪ ನೋಡಿ ಅಳೆಯಬೇಡಿ’ ಅನ್ನುವ ಭಾಷಣ ಎಲ್ಲ ಶಾಲೆಗಳಲ್ಲೂ ವರ್ಷಕ್ಕೊಮ್ಮೆಯಾದರೂ ನಡೆಯುತ್ತದೆ. ನಾಡಗೀತೆ ಮುಗಿದಿರುತ್ತದೆ, ಸಂವಿಧಾನ ಪೀಠಿಕೆ ಓದಿಸಿ ಆಗಿರುತ್ತದೆ, ಬಿಸಿಲು ಏರುತ್ತಿರುತ್ತದೆ. ಒಬ್ಬರು ಮುಂದೆ ಬಂದು ಬಾಹ್ಯ ಸೌಂದರ್ಯ ಮುಖ್ಯ ಅಲ್ಲ ಮಕ್ಕಳೇ, ಗುಣ ಮುಖ್ಯ ಅನ್ನುತ್ತಾರೆ. ಮಕ್ಕಳು ಚಪ್ಪಾಳೆ ಹೊಡೆದು ಸಾಲಾಗಿ ಒಳಗೆ ಹೋಗುತ್ತಾರೆ. ಮಧ್ಯಾಹ್ನ ಬಿಸಿಯೂಟಕ್ಕೆ ಕೂರುವಾಗ ಆ ಹುಡುಗಿಯ ಪಕ್ಕದ ಜಾಗ ಮತ್ತೆ ಖಾಲಿ.

ನಮ್ಮ ಶಾಲೆಯಲ್ಲಿ ಈ ಭಾಷಣವನ್ನು ಒಮ್ಮೆ ಬೇರೆ ರೀತಿ ಮಾಡಿದೆವು. ಮಾಡಿದ್ದು ನಾನಲ್ಲ, ನಮ್ಮ ಪಿ.ಟಿ. ಮೇಷ್ಟ್ರು. ವಿಷಯ ಸರಿ ಇದೆಯಾ ಅಂತ ನೋಡಿಕೊಟ್ಟದ್ದು ಮಾತ್ರ ನಾನು. ಅವರು ಏನು ಹೇಳಿದರು, ಹೇಳುವ ಮೊದಲು ಏನು ಮಾಡಿದರು, ಆಮೇಲೆ ಏನಾಯಿತು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ. ಬೇರೆ ಶಾಲೆಗಳಲ್ಲೂ ಇಂಥ ಮಕ್ಕಳು ಇದ್ದಾರೆ.

ಆ ಹುಡುಗಿಗೆ ತೊನ್ನು. ತುಟಿಯ ಸುತ್ತ, ಒಂದು ಕಣ್ಣಿನ ರೆಪ್ಪೆಯ ಮೇಲೆ, ಬೆರಳ ತುದಿಗಳಲ್ಲಿ, ಎರಡೂ ಮಂಡಿಯ ಮೇಲೆ ಹಾಲಿನಂಥ ಬಿಳಿ ಮಚ್ಚೆಗಳು. ಓದಿನಲ್ಲಿ ಸಾಧಾರಣ. ಕಬಡ್ಡಿಯಲ್ಲಿ ಚುರುಕು, ರೈಟ್ ಕಾರ್ನರ್ ಆಡುತ್ತಾಳೆ. ಕಬಡ್ಡಿ ನೋಡಿದವರಿಗೆ ಗೊತ್ತು, ಹಿಡಿಯುವ ತಂಡದವರು ಪಕ್ಕದವರ ಕೈ ಹಿಡಿದು ಚೈನ್ ಕಟ್ಟಿ ನಿಲ್ಲುತ್ತಾರೆ. ಮಂಡ್ಯದಲ್ಲಿ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಪಕ್ಕದಲ್ಲಿ ಆಡುವ ಹುಡುಗಿ ಇವಳ ಕೈ ಹಿಡಿಯುವ ಬದಲು ಅಂಗಿಯ ತೋಳಿನ ಅಂಚು ಹಿಡಿಯುತ್ತಿದ್ದಳು. ರೈಡರ್ ನುಗ್ಗಿದ ಕೂಡಲೇ ಚೈನ್ ಬಿಚ್ಚಿಕೊಳ್ಳುತ್ತಿತ್ತು. ಮೇಷ್ಟ್ರಿಗೆ ಮೊದಲು ಸಿಟ್ಟು ಬಂದದ್ದು ಆಟ ಕೆಡುತ್ತಿದೆ ಅಂತ. ಯಾಕೆ ಹೀಗೆ ಅಂತ ಗಮನಿಸಲು ಶುರು ಮಾಡಿದ ಮೇಲೆ ಉಳಿದದ್ದೆಲ್ಲ ಕಂಡಿತು. ನೀರಿನ ಬಾಟಲಿ ಯಾರೂ ಹಂಚಿಕೊಳ್ಳುವುದಿಲ್ಲ. ಅವಳು ಮುಟ್ಟಿದ ನಲ್ಲಿಯನ್ನು ತೊಳೆದು ಬಳಸುವವರಿದ್ದಾರೆ. ಹೆಸರಿನ ಬದಲು ‘ತೊನ್ನಿ’ ಅಂತ ಕರೆಯುತ್ತಾರೆ. ಒಬ್ಬ ತಾಯಿಯಂತೂ ಶಾಲೆಗೇ ಬಂದು “ನಮ್ಮ ಹುಡ್ಗಿನ ಬೇರೆ ಬೆಂಚಲ್ಲಿ ಕೂರ್ಸಿ ಮೇಡಂ” ಅಂದಿದ್ದರು.

ಇನ್ನೂ ಒಂದು ಇತ್ತು. ಬೆಳಿಗ್ಗೆ ಕೊಡುವ ಕ್ಷೀರಭಾಗ್ಯದ ಹಾಲನ್ನು ಅವಳು ಮುಟ್ಟುತ್ತಿರಲಿಲ್ಲ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಅದು. ಅವಳ ಅಜ್ಜಿ ಹಾಲು, ಮೊಸರು, ಹುಳಿ ಎಲ್ಲ ನಿಲ್ಲಿಸಿದ್ದರು. 2013ರಿಂದ ಸರ್ಕಾರ ಕೊಡುತ್ತಿರುವ ಹಾಲು, ಬೆಳೆಯುವ ವಯಸ್ಸಿನ ಹುಡುಗಿ, ಲೋಟ ಪಕ್ಕದವರಿಗೆ ದಾಟಿಸಿ ಸುಮ್ನೆ ಕೂರುತ್ತಿದ್ದಳು.

ಇಷ್ಟು ಕಂಡ ಮೇಲೆ ಯಾರಿಗಾದರೂ ಮರುದಿನವೇ ಪ್ರೇಯರ್‌ನಲ್ಲಿ ಎರಡು ಮಾತು ಬಿಗಿಯಾಗಿ ಹೇಳಬೇಕು ಅನಿಸುತ್ತದೆ. ಮೇಷ್ಟ್ರು ಹಾಗೆ ಮಾಡಲಿಲ್ಲ. ಇಂಥದ್ದು ಕಂಡ ಮರುದಿನವೇ ಭಾಷಣ ಮಾಡಿದರೆ ಮುನ್ನೂರು ಮಕ್ಕಳ ತಲೆ ಒಂದೇ ಕಡೆ ತಿರುಗುತ್ತದೆ. ಆ ಮಗುವಿಗೆ ಅದು ಬೈಗುಳಕ್ಕಿಂತ ಕಷ್ಟ. ಅವರು ಮೊದಲು ಹುಡುಗಿಯನ್ನು ಮತ್ತು ಅವಳ ತಾಯಿಯನ್ನು ಕೂರಿಸಿ ಮಾತಾಡಿದರು, ನಾನೂ ಇದ್ದೆ. ಇಂಥ ವಿಷಯ ಮಾತಾಡಬಹುದಾ, ಬೇಡವಾ? ಬೇಡ ಅಂದರೆ ಅಲ್ಲಿಗೆ ಬಿಟ್ಟೆವು ಅಂತ ಹೇಳಿದರು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಹೇಳಿ ಸರ್. ನನ್ನ ಹೆಸರು ಹೇಳ್ಬೇಡಿ. ಆವಾಗ ನನ್ನ ಕಡೆ ನೋಡ್ಲೂ ಬೇಡಿ” ಅಂದಳು. ಈ ಎರಡನೇ ಮಾತು ನಮಗೆ ಹೊಳೆದಿರಲಿಲ್ಲ. ಹೆಸರು ಹೇಳದೆಯೂ ಕಣ್ಣಿನಲ್ಲೇ ಬೆರಳು ಮಾಡಿ ತೋರಿಸಿದ ಹಾಗೆ ನೋಡುವವರು ನಮ್ಮಲ್ಲಿ ಬಹಳ ಜನ, ಅಲ್ವಾ?

ಆಮೇಲೆ ಅವರು ಮಾಡಿದ ಕೆಲಸ ನನಗೆ ತುಂಬ ಇಷ್ಟವಾಯಿತು. ತೊನ್ನಿನ ಬಗ್ಗೆ ಒಂದು ಭಾಷಣ ಅಂತ ಇಡಲಿಲ್ಲ. ವಾರಕ್ಕೊಂದು ದಿನ ‘ನಮ್ಮ ಮೈ’ ಅಂತ ಐದಾರು ನಿಮಿಷದ ಮಾತು ಶುರು ಮಾಡಿದರು. ಮೊದಲ ವಾರ ಹುಡುಗರ ಧ್ವನಿ ಯಾಕೆ ಒಡೆಯುತ್ತದೆ ಅಂತ. ಎರಡನೇ ವಾರ ಕೆಲವರಿಗೆ ಕನ್ನಡಕ ಯಾಕೆ ಬೇಕು, ಕಣ್ಣಿನ ಗುಡ್ಡೆ ಸ್ವಲ್ಪ ಉದ್ದವಾದರೆ ಬೋರ್ಡಿನ ಅಕ್ಷರ ಯಾಕೆ ಮಸುಕಾಗುತ್ತದೆ ಅಂತ. ಚರ್ಮದ ಸರದಿ ಬರುವ ಹೊತ್ತಿಗೆ ಮಕ್ಕಳಿಗೆ ಇದೊಂದು ರೂಢಿ ಆಗಿತ್ತು. ಇವತ್ತು ಯಾರ ಬಗ್ಗೆ ಅಂತ ಯಾರೂ ಹುಡುಕಲಿಲ್ಲ.

ಆ ದಿನದ ಮಾತನ್ನು ನೆನಪಿದ್ದಷ್ಟು ಅವರ ಧಾಟಿಯಲ್ಲೇ ಬರೆಯುತ್ತೇನೆ.

“ಎಲ್ಲರೂ ಬಲಗೈ ಮುಂದೆ ಚಾಚಿ. ಅಂಗೈ ನೋಡಿ. ಈಗ ತಿರುಗಿಸಿ ಮುಂಗೈ ನೋಡಿ. ಎರಡೂ ಒಂದೇ ಬಣ್ಣನಾ? ಇಲ್ಲ. ಒಂದೇ ಕೈ, ಎರಡು ಬಣ್ಣ. ಈಗ ಅಂಗಿ ತೋಳು ಮೇಲೆ ಸರಿಸಿ. ಬಿಸಿಲು ಬೀಳುವ ಜಾಗ ಒಂದು ಬಣ್ಣ, ಬಟ್ಟೆ ಮುಚ್ಚಿದ ಜಾಗ ಒಂದು ಬಣ್ಣ. ನಮ್ಮೆಲ್ಲರ ಮೈಯಲ್ಲೂ ನಾಲ್ಕೈದು ಬಣ್ಣ ಇದೆ ಅಂತಾಯ್ತು.”

ಮಕ್ಕಳು ನಕ್ಕರು. ಪಕ್ಕದವರ ತೋಳು ಸರಿಸಿ ನೋಡಿದರು. ಅಷ್ಟು ಹೊತ್ತು ಬಿಟ್ಟು ಮುಂದುವರಿಸಿದರು.

“ಚರ್ಮದಲ್ಲಿ ಮೆಲನಿನ್ ಅನ್ನೋ ಬಣ್ಣ ಇರುತ್ತೆ. ಅದನ್ನು ತಯಾರು ಮಾಡೋ ಜೀವಕೋಶಕ್ಕೆ ಮೆಲನೋಸೈಟ್ ಅಂತ ಹೆಸರು. ಕಪ್ಪಗಿರುವವರಿಗೆ ಈ ಜೀವಕೋಶ ಜಾಸ್ತಿ, ಬೆಳ್ಳಗಿರುವವರಿಗೆ ಕಡಿಮೆ ಅಂದುಕೊಂಡಿದ್ದೀರಿ ಅಲ್ವಾ? ಅಲ್ಲ. ಹೆಚ್ಚುಕಮ್ಮಿ ಎಲ್ಲರಿಗೂ ಅಷ್ಟೇ ಇರುತ್ತೆ. ಒಬ್ಬರಲ್ಲಿ ಅದು ಜಾಸ್ತಿ ಬಣ್ಣ ಮಾಡುತ್ತೆ, ಇನ್ನೊಬ್ಬರಲ್ಲಿ ಕಡಿಮೆ. ಇಷ್ಟೇ ವ್ಯತ್ಯಾಸ. ಇದಕ್ಕೆ ನೀವು ಕರಿಯ, ಬಿಳಿಯ ಅಂತ ಅಡ್ಡ ಹೆಸರು ಇಟ್ಟುಕೊಂಡು ಓಡಾಡ್ತಿದ್ದೀರಿ.

“ಕೆಲವರಿಗೆ ಮೈಯಲ್ಲಿ ಒಂದೊಂದು ಜಾಗದಲ್ಲಿ ಈ ಜೀವಕೋಶಗಳು ಇಲ್ಲವಾಗ್ತವೆ. ಯಾಕೆ? ನಮ್ಮ ರಕ್ತದಲ್ಲಿ ಕಾಯಿಲೆ ಜೊತೆ ಹೊಡೆದಾಡೋ ಒಂದು ಪಡೆ ಇದೆ. ಗದ್ದೆ ಕಾಯೋಕೆ ಬಿಟ್ಟ ನಾಯಿ ಮನೆಯವರನ್ನೇ ಕಳ್ಳ ಅಂತ ಕಚ್ಚಿಬಿಡುತ್ತಲ್ಲ, ಹಾಗೆ ಆ ಪಡೆ ಗುರುತು ತಪ್ಪಿ ಬಣ್ಣದ ಜೀವಕೋಶದ ಮೇಲೆ ಬೀಳುತ್ತೆ. ಆ ಜಾಗ ಬೆಳ್ಳಗಾಗುತ್ತೆ. ಅದೇ ತೊನ್ನು. ಇದು ಅಂಟುತ್ತಾ?”

ಅಂಟುತ್ತೆ, ಅಂಟಲ್ಲ ಅಂತ ಎರಡೂ ಕೂಗು ಬಂದವು. ಅಂಟುತ್ತೆ ಅಂದವರನ್ನು ಅವರು ಬೈಯಲಿಲ್ಲ.

“ಅಂಟಬೇಕಾದರೆ ಒಬ್ಬರಿಂದ ಇನ್ನೊಬ್ಬರಿಗೆ ಏನಾದರೂ ದಾಟಬೇಕು. ನೆಗಡಿಯಲ್ಲಿ ವೈರಸ್ ದಾಟುತ್ತೆ. ಕಜ್ಜಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ದಾಟುತ್ತೆ. ತೊನ್ನಿನಲ್ಲಿ ದಾಟೋಕೆ ಏನೂ ಇಲ್ಲ. ಕ್ರಿಮಿನೇ ಇಲ್ಲ. ಕೈ ಹಿಡಿದರೆ, ಎಂಜಲು ಕುಡಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಏನು ಮಾಡಿದರೂ ಬರಲ್ಲ. ಇನ್ನು ಮೀನು, ಹಾಲು. ನೆನ್ನೆ ರಾತ್ರಿ ಮೀನು ತಿಂದು ಇವತ್ತು ಹಾಲು ಕುಡಿದವರು ಕೈ ಎತ್ತಿ. ಇಷ್ಟೊಂದು ಜನಾನಾ? ನೋಡಿ, ನಿಮಗೆಲ್ಲ ಬರಬೇಕಿತ್ತಲ್ವಾ? ಮೀನಿನ ವಾಸನೆಯನ್ನೇ ನೋಡದ ಮನೆಯವರಿಗೂ ತೊನ್ನು ಬರುತ್ತೆ. ಮೀನಿಗೂ ಹಾಲಿಗೂ ಇದಕ್ಕೂ ಸಂಬಂಧ ಇಲ್ಲ.

“ಇಷ್ಟು ಗೊತ್ತಾದ ಮೇಲೆ ಕೆಲಸ ಏನು ಅಂದ್ರೆ, ಕೈ ಹಿಡಿಯಬೇಕಾದ ಕಡೆ ಕೈ ಹಿಡೀರಿ. ಪಕ್ಕದಲ್ಲಿ ಕೂತ್ಕೊಳ್ಳಿ. ಅವರಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕರೀರಿ. ಪಾಪ ಅನ್ನಬೇಡಿ. ಯಾರಿಗೂ ಔಷಧಿ ಹೇಳಬೇಡಿ. ನಿಮ್ಮ ಅತ್ತೆ ಊರಿನಲ್ಲಿ ಯಾರೋ ಸೊಪ್ಪು ಕೊಡ್ತಾರೆ ಅಂತ ಅವರಿಗೆ ಈಗಾಗಲೇ ಐವತ್ತು ಜನ ಹೇಳಿರ್ತಾರೆ.”

ಇಷ್ಟೇ. ಏಳು ನಿಮಿಷವೂ ಆಗಿರಲಿಲ್ಲ. ಗುಣವೇ ಮುಖ್ಯ ಅಂತ ಒಂದು ಮಾತೂ ಇರಲಿಲ್ಲ.

ಯಾಕೆ ಇರಲಿಲ್ಲ ಅನ್ನುವುದನ್ನು ಸ್ವಲ್ಪ ಹೇಳಬೇಕು. ‘ಹೊರಗಿನ ಅಂದ ಮುಖ್ಯ ಅಲ್ಲ, ಒಳಗಿನ ಅಂದ ಮುಖ್ಯ’ ಅಂದಾಗ ಸಾಲಿನಲ್ಲಿ ನಿಂತ ಆ ಮಗುವಿಗೆ ಕೇಳಿಸುವುದು, ನಿನಗೆ ಹೊರಗಿನ ಅಂದ ಇಲ್ಲ ಅಂತ. ನಾವು ಸಮಾಧಾನ ಹೇಳುತ್ತಿದ್ದೇವೆ ಅಂದುಕೊಂಡು ಎಲ್ಲರ ಮುಂದೆ ತೀರ್ಪು ಕೊಟ್ಟಿರುತ್ತೇವೆ. ಅಷ್ಟಾವಕ್ರನ ಕಥೆಯೂ ಹಾಗೆಯೇ. ನನಗೆ ಬಹಳ ಇಷ್ಟವಾದ ಕಥೆ ಅದು. ಮೈ ಎಂಟು ಕಡೆ ಸೊಟ್ಟಗಿದ್ದ ಹುಡುಗ ಜನಕರಾಜನ ಸಭೆಗೆ ಬಂದು, ನಕ್ಕ ಪಂಡಿತರ ಬಾಯಿ ಮುಚ್ಚಿಸಿ, ವಾದದಲ್ಲಿ ಗೆದ್ದ. ಆದರೆ ಪ್ರೇಯರ್‌ಗೆ ಅದು ಹೊಂದುವುದಿಲ್ಲ. ಅಷ್ಟಾವಕ್ರ ಗೆದ್ದ, ಅದಕ್ಕೆ ಮರ್ಯಾದೆ ಸಿಕ್ಕಿತು. ಗಣಿತದಲ್ಲಿ ಮೂವತ್ತೈದು ತೆಗೆಯಲು ಒದ್ದಾಡುವ ಹುಡುಗಿ ಯಾರ ಜೊತೆ ವಾದ ಮಾಡಿ ಗೆಲ್ಲಬೇಕು? ಮೈಕೆಲ್ ಜಾಕ್ಸನ್‌ಗೂ ತೊನ್ನು ಇತ್ತು ಅಂತ ಹೇಳುವವರೂ ಇದ್ದಾರೆ. ನಿಜವೇ, ಇತ್ತು. ಆದರೆ ಪಕ್ಕದಲ್ಲಿ ಕೂರಿಸಿಕೊಳ್ಳಲು ಮಗು ಜಗತ್ತಿನಲ್ಲೇ ದೊಡ್ಡ ಹಾಡುಗಾರ ಆಗಬೇಕಾಗಿಲ್ಲ.

ಮಕ್ಕಳು ದೂರ ಕೂತದ್ದು ಕೆಟ್ಟ ಮನಸ್ಸಿನಿಂದ ಅಲ್ಲ, ಹೆದರಿಕೆಯಿಂದ. ಹೆದರಿಕೆಗೆ ನೀತಿಪಾಠ ಹೇಳಿದರೆ ಹೋಗುವುದಿಲ್ಲ. ಅಂಟುವುದಿಲ್ಲ, ಯಾಕೆ ಅಂಟುವುದಿಲ್ಲ ಅಂತ ತಿಳಿದರೆ ಹೋಗುತ್ತದೆ. ಎಲ್ಲರಿಗೂ ಅಲ್ಲ, ಬಹಳ ಜನರಿಗೆ.

ಶಿಕ್ಷಕರಿಗೆ ಇನ್ನೂ ನಾಲ್ಕು ವಿಷಯ ತಿಳಿದಿದ್ದರೆ ಒಳ್ಳೆಯದು. ಜಗತ್ತಿನಲ್ಲಿ ಇನ್ನೂರು ಜನರಲ್ಲಿ ಒಬ್ಬರಿಂದ ಇಬ್ಬರಿಗೆ ತೊನ್ನು ಇರುತ್ತದೆ ಅನ್ನುವುದು ವೈದ್ಯರ ಅಂದಾಜು. ಸುಮಾರು ಅರ್ಧ ಜನರಿಗೆ ಅದು ಕಾಣಿಸಿಕೊಳ್ಳುವುದು 20 ವರ್ಷದೊಳಗೆ. ಅಂದರೆ ಶಾಲೆಯಲ್ಲಿರುವಾಗಲೇ, ನಮ್ಮ ಕಣ್ಣೆದುರಿಗೇ. ಮನೆಯವರಿಗಿಂತ ಮೊದಲು ನಮಗೆ ಕಾಣುವುದೂ ಉಂಟು. ಆದರೆ ನಾವು ಹೆಸರಿಡಲು ಹೋಗಬಾರದು. ಮಕ್ಕಳ ಕೆನ್ನೆಯ ಮೇಲೆ ಮಾಸಲು ಬಿಳುಪಾಗಿ, ಸ್ವಲ್ಪ ಹೊಟ್ಟು ಎದ್ದ ಹಾಗೆ ಕಾಣುವುದು ಸಾಮಾನ್ಯವಾಗಿ ತೊನ್ನು ಅಲ್ಲ, ತಾನಾಗಿ ಹೋಗುತ್ತದೆ. ಬೆನ್ನು, ಕುತ್ತಿಗೆಯ ಮೇಲೆ ಬರುವ ಚಿಬ್ಬು ಬೇರೆ. ತೊನ್ನಿನ ಮಚ್ಚೆ ಸೀಮೆಸುಣ್ಣದ ಹಾಗೆ ಅಚ್ಚ ಬಿಳಿ, ಅಂಚು ಸ್ಪಷ್ಟ, ಹೊಟ್ಟು ಇರುವುದಿಲ್ಲ, ಅಲ್ಲಿ ಮುಟ್ಟಿದರೆ ಮಗುವಿಗೆ ಸ್ಪರ್ಶ ಗೊತ್ತಾಗುತ್ತದೆ. ಕುಷ್ಠದ ಮಚ್ಚೆ ಅಷ್ಟು ಬಿಳಿ ಇರುವುದಿಲ್ಲ, ಅಲ್ಲಿ ಸ್ಪರ್ಶ ಕಡಿಮೆಯಾಗಿರುತ್ತದೆ. ತೊನ್ನನ್ನು ಕುಷ್ಠದ ಜೊತೆ ಸೇರಿಸಿ ನೋಡುವ ಹಳೇ ಅಭ್ಯಾಸದಿಂದಲೇ ಅರ್ಧ ಭಯ ಬಂದಿರುವುದು. ಕುಷ್ಠವೂ ಮುಟ್ಟಿದ ಮಾತ್ರಕ್ಕೆ ಬರುವುದಿಲ್ಲ. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇದೆ, ಪೂರ್ತಿ ವಾಸಿಯಾಗುತ್ತದೆ. ಅಂತೂ ಅನುಮಾನ ಇದ್ದರೆ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸುವುದು, ಇಲ್ಲವೇ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಲು ಮನೆಯವರಿಗೆ ಹೇಳುವುದು. ಪ್ರೇಯರ್ ಸಾಲಿನಲ್ಲಿ ನಿಲ್ಲಿಸಿಕೊಂಡು “ಏನಮ್ಮ ಇದು ಮುಖದ ಮೇಲೆ?” ಅಂತ ಕೇಳುವುದಲ್ಲ.

ಚಿಕಿತ್ಸೆ ಇದೆ. ಮುಲಾಮು, ಆಸ್ಪತ್ರೆಯಲ್ಲಿ ಅಳತೆ ಮಾಡಿ ಕೊಡುವ ಅತಿನೇರಳೆ ಬೆಳಕು, ಹೀಗೆ. ತಿಂಗಳುಗಟ್ಟಲೆ ಬೇಕು. ಮುಖದ ಮೇಲಿನ ಮಚ್ಚೆಗೆ ಬಣ್ಣ ಬೇಗ ಮರಳುತ್ತದೆ, ಬೆರಳ ತುದಿ ಮತ್ತು ತುಟಿಯಲ್ಲಿ ಕಷ್ಟ. ಬಣ್ಣ ಮರಳುವಾಗ ಬಿಳಿ ಮಚ್ಚೆಯ ನಡುವೆ ಕೂದಲ ಬುಡದಿಂದ ಕಂದು ಚುಕ್ಕಿಗಳು ಏಳುತ್ತವೆ. ಅದು ಒಳ್ಳೆಯ ಲಕ್ಷಣ. ಮಕ್ಕಳು ಅದನ್ನೂ ಹೊಸ ರೋಗ ಅಂದುಕೊಂಡು ಆಡಿಕೊಳ್ಳುವುದುಂಟು, ಹಾಗಾಗಿ ತರಗತಿ ಶಿಕ್ಷಕರಿಗೆ ಗೊತ್ತಿರಲಿ. ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ನಿಲ್ಲಿಸುವ ಮನೆಮದ್ದು ನಮ್ಮ ಕಡೆ ಇದೆ. ಅದರಲ್ಲಿರುವ ಅಂಶ ಬಿಸಿಲು ತಾಗಿದಾಗ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. ವೈದ್ಯರ ಕೈಯಲ್ಲಿ ಅದೇ ಅಂಶ ಅಳತೆಯಲ್ಲಿ ಔಷಧಿ, ಅಂಗಳದಲ್ಲಿ ಅದು ಸುಟ್ಟ ಗಾಯ.

ಗಾಯ ಅಂದಾಗ ಇನ್ನೊಂದು ಮಾತು. ತೊನ್ನು ಇರುವ ಮೈಯಲ್ಲಿ ತರಚಿದ ಕಡೆ, ಉಜ್ಜಿದ ಕಡೆ ಹೊಸ ಮಚ್ಚೆ ಬರಬಹುದು. ಬಿಗಿ ಬೆಲ್ಟು, ಭುಜಕ್ಕೆ ಉಜ್ಜುವ ಭಾರದ ಬ್ಯಾಗು, ಮಚ್ಚೆ ಹೋಗಲಿ ಅಂತ ಕಲ್ಲಿನಿಂದ ತಿಕ್ಕುವುದು ಎಲ್ಲವೂ ಅದಕ್ಕೆ ದಾರಿ. ಬಿಳಿಯಾದ ಜಾಗಕ್ಕೆ ಬಿಸಿಲು ತಡೆಯುವ ಶಕ್ತಿಯೂ ಇಲ್ಲ, ಬೇಗ ಸುಡುತ್ತದೆ. ಹಾಗಾದರೆ ಮಾರ್ಚ್ ತಿಂಗಳ ಪ್ರೇಯರ್‌ನಲ್ಲಿ ಆ ಮಗುವನ್ನು ಮಾತ್ರ ನೆರಳಿಗೆ ಕಳಿಸಬೇಕಾ? ಕಳಿಸಿದರೆ ಮತ್ತೆ ಅವಳೊಬ್ಬಳೇ ಬೇರೆ ಆದಳು. ನಮ್ಮ ಮೇಷ್ಟ್ರು ಇಡೀ ಪ್ರೇಯರನ್ನೇ ಹೊಂಗೆ ಮರದ ಕೆಳಗೆ ತಂದರು. ಮೈದಾನದಲ್ಲಿ ಟೋಪಿ ಯಾರು ಬೇಕಾದರೂ ಹಾಕಬಹುದು ಅಂದರು. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಈಗ ತಲೆಸುತ್ತಿ ಬೀಳುವ ಮಕ್ಕಳೂ ಕಡಿಮೆಯಾಗಿದ್ದಾರೆ.

ಭಾಷಣದಿಂದ ಏನಾಯಿತು? ಮರುದಿನ ಕಬಡ್ಡಿಯಲ್ಲಿ ಯಾರೂ ಹೇಳದೆ ಪಕ್ಕದ ಹುಡುಗಿ ಕೈ ಹಿಡಿದಳು ಅಂತ ಬರೆಯಬಹುದಿತ್ತು, ಆದರೆ ಹಾಗಾಗಲಿಲ್ಲ. ಮೇಷ್ಟ್ರು ಎಲ್ಲರಿಗೂ ಜಾಗ ಬದಲಿಸಿ ಆಡಿಸಿದರು. ದಿನಾ ಬೇರೆಯವರು ಇವಳ ಪಕ್ಕ. ಕೈ ಬಿಟ್ಟು ಚೈನ್ ಮುರಿದರೆ ಪಾಯಿಂಟ್ ಹೋಗುತ್ತದೆ, ಅದಕ್ಕೆ ಹಿಡಿದರು. ಹಿಡಿದು ಹಿಡಿದು ರೂಢಿಯಾಯಿತು. ತರಗತಿಯಲ್ಲೂ ವಾರಕ್ಕೊಮ್ಮೆ ಬೆಂಚು ಬದಲಿಸುವ ಕ್ರಮ ತಂದೆವು, ಎಲ್ಲ ಸೆಕ್ಷನ್‌ಗಳಿಗೂ. ಅಡ್ಡ ಹೆಸರು ಹುಡುಗಿಯರ ಬಾಯಲ್ಲಿ ನಿಂತಿದೆ, ಹುಡುಗರಲ್ಲಿ ಪೂರ್ತಿ ನಿಂತಿಲ್ಲ. ಬೆಂಚು ಬದಲಿಸಿ ಅಂದಿದ್ದ ತಾಯಿಯನ್ನು ಎಸ್‌ಡಿಎಂಸಿ ಸಭೆಯ ದಿನ ಕೂರಿಸಿ ಇದೇ ವಿಷಯ ಹೇಳಿದೆ. “ನೀವು ಓದಿದೋರು, ನೀವು ಹೇಳಿದ್ರೆ ಸರಿನೇ ಇರುತ್ತೆ” ಅಂದರು. ಮನಸ್ಸಿನಲ್ಲಿ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ, ಮತ್ತೆ ಬಂದು ಕೇಳಿಲ್ಲ. ಹಾಲು ಮಾತ್ರ ಇನ್ನೂ ಬಗೆಹರಿದಿಲ್ಲ. ಅಜ್ಜಿ ಬಿಡುತ್ತಿಲ್ಲ. ಅಜ್ಜಿಗೆ ನಮ್ಮ ಮೈಕ್ ಕೇಳಿಸುವುದಿಲ್ಲವಲ್ಲ.

ಭಾಷಣ ಹೇಗಿತ್ತು ಅಂತ ಹುಡುಗಿಯನ್ನು ಮೇಷ್ಟ್ರು ಆಮೇಲೆ ಕೇಳಿದರು. “ಕೈ ತಿರುಗ್ಸೋದು ಚೆನ್ನಾಗಿತ್ತು ಸರ್. ಸ್ವಲ್ಪ ಉದ್ದ ಆಯ್ತು, ಕಾಲು ನೋಯ್ತು” ಅಂದಳಂತೆ.

ಈಗ ನಮ್ಮ ಬಗ್ಗೆ. ಪ್ರೇಯರ್‌ನಲ್ಲಿ ರೂಪ ನೋಡಬೇಡಿ ಅನ್ನುವ ನಾವೇ ವರ್ಷವಿಡೀ ರೂಪ ನೋಡಿ ಆರಿಸುತ್ತೇವೆ. ಶಾಸಕರು ಬರುತ್ತಾರೆ ಅಂದರೆ ಕಳಶ ಹಿಡಿಯಲು, ಹೂಗುಚ್ಛ ಕೊಡಲು ಯಾರನ್ನು ಕರೆಯುತ್ತೇವೆ? ‘ಲಕ್ಷಣವಾಗಿರೋ ನಾಲ್ಕು ಹುಡ್ಗೀರನ್ನ ಕಳ್ಸಿ’ ಅಂತ ಎಷ್ಟು ಸ್ಟಾಫ್ ರೂಮಿನಲ್ಲಿ ಕೇಳಿಲ್ಲ? ಲಕ್ಷಣ ಅಂದರೆ ಬಿಳುಪು ಅಂತ ಎಲ್ಲರಿಗೂ ಗೊತ್ತು. ಪ್ರತಿಭಾ ಕಾರಂಜಿಗೆ ನೃತ್ಯ ಕಟ್ಟುವಾಗ ಮುಂದಿನ ಸಾಲು ಯಾರಿಗೆ, ಹಿಂದಿನ ಸಾಲು ಯಾರಿಗೆ? ವಾರ್ಷಿಕೋತ್ಸವದ ನಿರೂಪಣೆಗೆ ಚೆನ್ನಾಗಿ ಮಾತಾಡುವ ಹುಡುಗಿ ಇದ್ದರೂ ಹಲ್ಲು ಮುಂದಿದೆ ಅಂತ ಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಮಕ್ಕಳು ಇದನ್ನೆಲ್ಲ ನೋಡುತ್ತಲೇ ಇರುತ್ತಾರೆ. ನಮ್ಮ ಏಳು ನಿಮಿಷದ ಮಾತು ಒಂದು ಕಡೆ, ವರ್ಷವಿಡೀ ನಾವು ಕೈ ಮಾಡಿ ಕರೆಯುವ ಮಕ್ಕಳು ಇನ್ನೊಂದು ಕಡೆ. ಯಾವುದನ್ನು ನಂಬುತ್ತಾರೆ?

ನಮ್ಮ ಶಾಲೆಯಲ್ಲಿ ಸ್ವಾಗತಕ್ಕೆ ಈಗ ಹಾಜರಿ ಪುಸ್ತಕದ ಪ್ರಕಾರ ಸರದಿ. ಮೊದಲ ಸಲ ಕೆಲವು ಸಹೋದ್ಯೋಗಿಗಳಿಗೆ ಇರುಸುಮುರುಸಾಯಿತು. ಬಂದ ಅತಿಥಿ ಗಮನಿಸಲೂ ಇಲ್ಲ, ಹೂವು ಇಸಿದುಕೊಂಡು ಭಾಷಣಕ್ಕೆ ಹೋದರು.

ಅಧಿಕಾರಿಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಹೊಸ ಅಭಿಯಾನ ಬೇಡ, ಫೋಟೋ ತೆಗೆದು ಅಪ್‌ಲೋಡ್ ಮಾಡುವ ಕಾರ್ಯಕ್ರಮವಂತೂ ಬೇಡವೇ ಬೇಡ. ಜೂನ್ 25 ವಿಶ್ವ ತೊನ್ನು ದಿನ. ಆ ದಿನ ಏನಾದರೂ ಮಾಡಿ ಅಂತ ಸುತ್ತೋಲೆ ಹೊರಡಿಸುವುದಾದರೆ, ಯಾವ ಮಗುವನ್ನೂ ವೇದಿಕೆಗೆ ಕರೆಯಬಾರದು, ಫೋಟೋ ತೆಗೆಯಬಾರದು ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಇಲ್ಲದಿದ್ದರೆ ಅಂಥ ಮಕ್ಕಳ ಪಟ್ಟಿ ಕಳಿಸಿ ಅಂತ ಸಂಜೆಯೊಳಗೆ ವಾಟ್ಸಾಪ್ ಬಂದಿರುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ.

ಶಾಲೆಗಳಿಗೆ ಬರುವ ಬಾಲ ಸ್ವಾಸ್ಥ್ಯ ತಂಡದವರು ತಪಾಸಣೆ ಮುಗಿಸಿ ಹೊರಡುವ ಮೊದಲು ಹತ್ತು ನಿಮಿಷ ಶಿಕ್ಷಕರ ಜೊತೆ ಕೂತು ಮಾತಾಡುವಂತೆ ಆರೋಗ್ಯ ಇಲಾಖೆಗೆ ಒಂದು ಪತ್ರ ಬರೆಯಿರಿ. ಮಕ್ಕಳ ಜೊತೆ ಅಲ್ಲ, ಶಿಕ್ಷಕರ ಜೊತೆ. ಅಂಟುತ್ತೋ ಇಲ್ಲವೋ ಅನ್ನುವ ಅನುಮಾನ ಸ್ಟಾಫ್ ರೂಮಿನಲ್ಲೂ ಇದೆ. ನಮ್ಮ ಶಾಲೆಯಲ್ಲೂ ಇತ್ತು. ಬಿಸಿಯೂಟದ ಅಡುಗೆಯವರನ್ನೂ ಅಲ್ಲಿ ಕೂರಿಸಿ. ಹಾಲು, ಮೀನಿನ ಮಾತು ಅವರ ಬಾಯಿಂದ ಊರಿಗೆ ಹೋದರೆ ನಮ್ಮ ಭಾಷಣಕ್ಕಿಂತ ದೂರ ಹೋಗುತ್ತದೆ, ಆ ಅಜ್ಜಿಯ ತನಕವೂ.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ಕರಿಯ’, ‘ಡುಮ್ಮಿ’, ‘ಕುಳ್ಳ’ ಅಂತ ಹಾಜರಿ ಕೂಗುವ ಮೇಷ್ಟ್ರು ಪ್ರೀತಿಯಿಂದಲೇ ಕೂಗುತ್ತಿರಬಹುದು. ಕೂಗಿಸಿಕೊಂಡವರಿಗೆ ಹೇಗನಿಸುತ್ತದೆ ಅಂತ ಯಾರೂ ಕೇಳಿರುವುದಿಲ್ಲ. ಶಾಲಾ ಭೇಟಿಗೆ ಬರುವ ಅಧಿಕಾರಿಗಳು ದಾಖಲೆ ನೋಡುವಾಗ ಐದು ನಿಮಿಷ ತರಗತಿಯ ಬಾಗಿಲಲ್ಲಿ ನಿಂತು ಮಕ್ಕಳನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಾರೆ ಅಂತ ಕೇಳಿಸಿಕೊಳ್ಳಿ. ಊಟದ ಹೊತ್ತಿಗೆ ಬಂದರೆ ಇನ್ನೂ ಒಳ್ಳೆಯದು. ಯಾರ ಪಕ್ಕ ಜಾಗ ಖಾಲಿ ಇದೆ ಅಂತ ನೋಡಲು ಯಾವ ರಿಜಿಸ್ಟರೂ ಬೇಕಾಗಿಲ್ಲ. ಖಾಲಿ ಕಂಡರೆ ಆ ಮಗುವಿನ ಹತ್ತಿರ ಹೋಗಬೇಡಿ. ಮುಖ್ಯ ಶಿಕ್ಷಕರನ್ನು ಆಮೇಲೆ ಕೊಠಡಿಯಲ್ಲಿ ಕೇಳಿ.

ಸಹೋದ್ಯೋಗಿಗಳಿಗೆ ಒಂದೇ ಮಾತು. ಮೇಲೆ ಬರೆದ ಭಾಷಣವನ್ನು ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದು. ಹೆಸರು ಹಾಕಬೇಕಾಗಿಲ್ಲ, ನಮ್ಮ ಮೇಷ್ಟ್ರೇ ಬೇಡ ಅಂದಿದ್ದಾರೆ. ನಿಮ್ಮ ಶಾಲೆಯ ಮಗುವಿಗೆ ಇರುವುದು ತೊನ್ನು ಅಲ್ಲದೆ ಸೀಳುತುಟಿಯೋ, ಸುಟ್ಟ ಗಾಯದ ಗುರುತೋ, ಮೆಳ್ಳೆಗಣ್ಣೋ ಆಗಿದ್ದರೆ ಅದರ ವಿಷಯ ಬಲ್ಲ ವೈದ್ಯರನ್ನು ಕೇಳಿ ಬರೆದುಕೊಳ್ಳಿ. ಮಗುವನ್ನೂ ಮನೆಯವರನ್ನೂ ಮೊದಲು ಕೇಳಿ. ಬೇಡ ಅಂದರೆ ಆ ಭಾಷಣ ಬಿಟ್ಟುಬಿಡಿ, ಬೆಂಚು ಬದಲಿಸುವ ಕೆಲಸವನ್ನಷ್ಟೇ ಮಾಡಿ. ಮತ್ತೆ, ದಯವಿಟ್ಟು ನೆರಳಿನಲ್ಲಿ ನಿಲ್ಲಿಸಿ ಮಾತಾಡಿ. ಏಳು ನಿಮಿಷವೂ ಜಾಸ್ತಿಯೇ ಅಂತ ನಮ್ಮ ಹುಡುಗಿ ಹೇಳಿದ್ದಾಳೆ.

ಇಂತಿ ನಿಮ್ಮ,
ವಿಜ್ಞಾನ ಶಿಕ್ಷಕಿ,
ಸರ್ಕಾರಿ ಪ್ರೌಢಶಾಲೆ, ಮಂಡ್ಯ ಜಿಲ್ಲೆ